ಈ ಸ್ಕ್ರೀನ್‌ಶಾಟ್‌ನಲ್ಲಿರುವ ಹಂದಿ ಮೂತಿಯ ಅಧಿಕಾರಿ ಯಾರು? ಡಕ್‌ಟೇಲ್ಸ್‌ನವನೋ, ಟೇಲ್‌ಸ್ಪಿನ್‌ನವನೋ?

ಬಳಗದ ಎಲ್ಲರಿಗೂ ನಮಸ್ಕಾರ.

ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಹಿಂದಿಯಲ್ಲಿ ಬರುತ್ತಿದ್ದ ಕಾರ್ಟೂನ್‌ಗಳನ್ನು ನೋಡಿ ಬೆಳೆದವರು ಇಲ್ಲಿ ಬಹಳ ಮಂದಿ ಇದ್ದೀರಿ ಎಂಬ ಧೈರ್ಯದಿಂದ ಈ ಪ್ರಶ್ನೆಯನ್ನು ಕೇಳುತ್ತಿದ್ದೇನೆ. ಜೊತೆಗಿರುವ ಚಿತ್ರವು ನನ್ನ ಸೋದರಮಾವನ ಮನೆಯ ಅಟ್ಟದಲ್ಲಿ ಸಿಕ್ಕಿದ ವಿಡಿಯೋ ಕ್ಯಾಸೆಟ್ಟಿನದು. ಮನೆ ಇರುವುದು ಸಾಗರದ ಹತ್ತಿರ. ಮಲೆನಾಡಿನ ಮಳೆಗಾಲಗಳನ್ನು ಕಂಡ ಟೇಪಿಗೆ ಬೂಷ್ಟು ಹಿಡಿಯದಿದ್ದರೆ ಅದೇ ಆಶ್ಚರ್ಯ. ಮಾವನ ಮಗ ಹಳೆಯ ವಿಸಿಆರ್ ಒಂದನ್ನು ಎಲ್ಲಿಂದಲೋ ಹೊಂದಿಸಿ ಅದನ್ನು ಓಡಿಸಿದ. ಮೊದಲು ಅಕ್ಕನ ಮದುವೆಯ ಊಟದ ಪಂಕ್ತಿ, ಅದರ ಬಾಲಕ್ಕೆ ಡಕ್‌ಟೇಲ್ಸ್‌ನ ಕೊನೆಯ ತುಣುಕು, ಆಮೇಲೆ ಪರದೆಯ ತುಂಬ ಗೆರೆಗಳು, ಆ ಗೆರೆಗಳ ನಡುವೆ ಹೆಚ್ಚೆಂದರೆ ಇಪ್ಪತ್ತು ಸೆಕೆಂಡು ಈ ದೃಶ್ಯ. ಅಷ್ಟರಲ್ಲಿ ಯಾವುದೋ ಕ್ರಿಕೆಟ್ ಪಂದ್ಯ ಶುರುವಾಗಿಬಿಡುತ್ತದೆ. ಅದನ್ನು ಇದರ ಮೇಲೆ ರೆಕಾರ್ಡ್ ಮಾಡಿದವರು ಯಾರೆಂಬ ಚರ್ಚೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಟಿವಿಯ ಪರದೆಯನ್ನೇ ಮೊಬೈಲಿನಿಂದ ತೆಗೆದ ಚಿತ್ರವಾದ್ದರಿಂದ ಮಸುಕಾಗಿದೆ, ಕ್ಷಮಿಸಬೇಕು.

ಚಿತ್ರದಲ್ಲಿ ಕಾಣುವುದನ್ನು ಮೊದಲು ಹೇಳಿಬಿಡುತ್ತೇನೆ. ಬಲಗಡೆ ಬಾಗಿಲಿನ ಎತ್ತರಕ್ಕೆ ನಿಂತಿರುವ ದಢೂತಿ ಆಕೃತಿ, ಹಂದಿಯ ಮೂತಿ, ಮೈಮೇಲೆ ಸಮವಸ್ತ್ರ, ಸೊಂಟಕ್ಕೆ ಅಗಲವಾದ ಬೆಲ್ಟು. ಟೋಪಿಯ ಮೇಲ್ಭಾಗ ಚೌಕಟ್ಟಿನಿಂದ ಆಚೆ ಹೋಗಿದೆ. ಹಿಂದೆ ಬಿಳಿ ಬಯಲು. ಹಿಮವೆಂದೇ ನನ್ನ ಊಹೆ. ಮುಖದಲ್ಲಿ ಗದರಿಸುವ ಭಾವವಿಲ್ಲ, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ಸಂಕೋಚದಿಂದ ನಗುತ್ತಿದ್ದಾನೆ. ಎಡಗಡೆಯ ಅಂಚಿನಲ್ಲಿ ಹಸಿರು ಬಟ್ಟೆಯ ತೋಳೊಂದು ಮೊಣಕೈವರೆಗೆ ಮಾತ್ರ ಕಾಣುತ್ತದೆ. ನನ್ನ ತಲೆ ಕೆಡಿಸಿರುವುದು ಈ ತೋಳೇ.

ಮಾವನ ಮಗನ ವಾದ ಸರಳವಾಗಿದೆ. ಟೇಪಿನಲ್ಲಿ ಹಿಂದಿನ ತುಣುಕು ಡಕ್‌ಟೇಲ್ಸ್, ಆದ್ದರಿಂದ ಇದೂ ಡಕ್‌ಟೇಲ್ಸ್. ಸ್ಕ್ರೂಜ್‌ನ ಮೂವರು ಮೊಮ್ಮಕ್ಕಳಲ್ಲಿ ಹ್ಯೂಯಿಗೆ ಕೆಂಪು, ಡ್ಯೂಯಿಗೆ ನೀಲಿ, ಲೂಯಿಗೆ ಹಸಿರು ಅಂಗಿ ಇರುವುದರಿಂದ ಆ ತೋಳು ಲೂಯಿಯದು. ಡಕ್‌ಬರ್ಗ್‌ನ ಜನರಲ್ಲಿಯೂ ಹಂದಿ ಮೂತಿಯವರು ಅಲ್ಲಲ್ಲಿ ಕಾಣಿಸಿಕೊಳ್ಳುತ್ತಾರೆ, ನಿಧಿ ಹುಡುಕಿಕೊಂಡು ಸ್ಕ್ರೂಜ್ ಹಿಮದ ನಾಡುಗಳಿಗೂ ಹೋಗುತ್ತಾನೆ ಎಂಬುದನ್ನೆಲ್ಲ ನಾನು ಒಪ್ಪುತ್ತೇನೆ. ಆದರೆ ಆ ಮೊಣಕೈ ಇರುವುದು ಅಧಿಕಾರಿಯ ಬೆಲ್ಟಿನ ಮಟ್ಟದಲ್ಲಿ. ಬಾಗಿಲಿನಷ್ಟು ಎತ್ತರದವನ ಪಕ್ಕದಲ್ಲಿ ಬಾತುಮರಿ ನಿಂತರೆ ಅದರ ಟೋಪಿಯೂ ಬೆಲ್ಟಿಗೆ ಮುಟ್ಟಲಾರದು. ಅದೂ ಅಲ್ಲದೆ ಮೂವರೂ ಒಟ್ಟೊಟ್ಟಿಗೇ ಓಡಾಡುವ ಮಕ್ಕಳು. ಇಪ್ಪತ್ತು ಸೆಕೆಂಡಿನಲ್ಲಿ ಕೆಂಪಾಗಲಿ ನೀಲಿಯಾಗಲಿ ಒಮ್ಮೆಯೂ ಇಣುಕುವುದಿಲ್ಲ.

ಆದ್ದರಿಂದ ನನಗೆ ಇದು ಟೇಲ್‌ಸ್ಪಿನ್ ಇರಬೇಕೆನ್ನಿಸುತ್ತದೆ. ಅಲ್ಲಿ ಬಲೂವಿನ ಜೊತೆ ವಿಮಾನದಲ್ಲಿ ಹಾರುವ ಹುಡುಗ ಕಿಟ್ ತೊಡುವುದು ಹಸಿರು ಸ್ವೆಟರನ್ನೇ, ಮತ್ತು ಅವನ ಎತ್ತರಕ್ಕೆ ಈ ಮೊಣಕೈ ಸರಿಹೊಂದುತ್ತದೆ. ಟೇಲ್‌ಸ್ಪಿನ್‌ನಲ್ಲಿಯೂ ಒಬ್ಬ ಲೂಯಿ ಇದ್ದಾನೆ, ಅವನು ದ್ವೀಪದಲ್ಲಿ ಹೋಟೆಲು ನಡೆಸುವ ಒರಾಂಗುಟಾನ್. ನಮ್ಮ ಮನೆಯ ವಾದದಲ್ಲಿ ಯಾರು ಯಾವ ಲೂಯಿಯ ಬಗ್ಗೆ ಮಾತನಾಡುತ್ತಿದ್ದೇವೆ ಎಂಬುದು ತಿಳಿಯುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಹಿಮಕ್ಕೂ ಅಲ್ಲಿ ಉತ್ತರವಿದೆ. ಥೆಂಬ್ರಿಯಾ ಎಂಬ ಕೊರೆಯುವ ಚಳಿಯ ದೇಶ, ಹಳೆಯ ಸೋವಿಯತ್ ಒಕ್ಕೂಟವನ್ನು ಅಣಕಿಸುವಂತಿರುವ ಅದರ ಆಡಳಿತ, ಅಲ್ಲಿನ ಪ್ರಜೆಗಳೆಲ್ಲ ಕಾಡುಹಂದಿಗಳು.

ಹಾಗಾದರೆ ಆ ದೇಶದವರಲ್ಲಿ ಇವನು ಯಾರು? ಕರ್ನಲ್ ಸ್ಪಿಗಟ್ ಅಲ್ಲವೆಂದು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಅವನು ಕುಳ್ಳ. ಅವನ ಗತ್ತಿಗೂ ಗಾತ್ರಕ್ಕೂ ಇರುವ ಅಂತರವೇ ಅವನ ತಮಾಷೆ. ಹೈ ಮಾರ್ಷಲ್ ಎನ್ನೋಣವೆಂದರೆ ಅವನು ಇಂಥ ನಗೆಯನ್ನು ನಗುವವನಲ್ಲ. ಉಳಿಯುವವನು ಸ್ಪಿಗಟ್‌ನ ಕೈಕೆಳಗಿನ ಸಾರ್ಜೆಂಟ್ ಡಂಡರ್. ದೊಡ್ಡ ಮೈ, ನಿಧಾನದ ಬುದ್ಧಿ, ಬಲೂವಿನ ಮೇಲೆ ಪ್ರೀತಿ ಇರುವ ಆ ಮನುಷ್ಯನ ಮುಖಕ್ಕೆ ಈ ಸಂಕೋಚದ ನಗು ಒಪ್ಪುತ್ತದೆ. ಆದರೂ ಟೋಪಿ ಪೂರ್ತಿ ಕಾಣದಿರುವಾಗ, ಒಂದೇ ಕಂತಿನಲ್ಲಿ ಬಂದುಹೋಗುವ ಹೆಸರಿಲ್ಲದ ಕಾವಲುಗಾರನೂ ಇವನಾಗಿರಬಹುದು ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ.

ಬಣ್ಣವನ್ನು ನೆನಪಿಗೆ ತಂದುಕೊಂಡು ತೀರ್ಮಾನಿಸೋಣವೆಂದರೆ ನಮ್ಮ ಮನೆಯಲ್ಲಿದ್ದದ್ದು ಕಪ್ಪು ಬಿಳುಪಿನ ಟಿವಿ. ಅಪ್ಪ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸುವುದು, ಕೆಳಗಿನಿಂದ ನಾವು "ಬಂತು, ಬಂತು, ಹೋಯ್ತು" ಎಂದು ಕೂಗುವುದು, ಇವಿಷ್ಟು ಮುಗಿಯುವಾಗ ಕತೆಯ ಕಾಲುಭಾಗ ಹೋಗಿರುತ್ತಿತ್ತು. ಹಿಂದಿಯೂ ಅರ್ಥವಾಗುತ್ತಿರಲಿಲ್ಲ, ಹಾಗಾಗಿ ಕತೆಯನ್ನು ನಾವೇ ಕಟ್ಟಿಕೊಳ್ಳುತ್ತಿದ್ದೆವು. 1993ರಲ್ಲಿ ದೂರದರ್ಶನ ತೋರಿಸಿದ ಜಪಾನಿನ ಜಂಗಲ್ ಬುಕ್‌ನಲ್ಲಿ ಮೋಗ್ಲಿಯ ಜೊತೆಗಿದ್ದ ಬಲೂ ಇಲ್ಲಿ ವಿಮಾನ ಓಡಿಸುವುದನ್ನು ಕಂಡು, ಮೋಗ್ಲಿ ಊರು ಸೇರಿದ ಮೇಲೆ ಬಲೂವಿಗೆ ಕಾಡಿನಲ್ಲಿ ಬೇಸರವಾಗಿ ಪೇಟೆಯಲ್ಲಿ ಕೆಲಸ ಹಿಡಿದನೆಂದು ನಾನು ತಂಗಿಗೆ ವಿವರಿಸಿದ್ದೆ. ಶೇರ್ ಖಾನ್ ಕೋಟು ತೊಟ್ಟು ದೊಡ್ಡ ವ್ಯಾಪಾರಿಯಾಗಿ ಕುಳಿತದ್ದಕ್ಕೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ಅಮೆರಿಕದಲ್ಲಿ 1990ರಲ್ಲಿ ಶುರುವಾದ ಟೇಲ್‌ಸ್ಪಿನ್‌ಗೂ ಜಪಾನಿನ ಆ ಮಾಲಿಕೆಗೂ ಸಂಬಂಧವಿಲ್ಲವೆಂಬುದು ತಿಳಿದದ್ದು ಕಾಲೇಜಿಗೆ ಬಂದ ಮೇಲೆ.

ಹೀಗೆ ನಾವೇ ಕಟ್ಟಿದ ಹೆಸರುಗಳಲ್ಲಿ ಒಂದು "ದಂಡಪ್ಪ". ಚಿತ್ರವನ್ನು ಕಳುಹಿಸಿದ ಕೂಡಲೇ ತಂಗಿ, "ಅಣ್ಣಾ, ಇವ್ನು ನಮ್ ದಂಡಪ್ಪ ಅಲ್ವಾ?" ಎಂದು ಬರೆದಳು. ಕೈಯಲ್ಲಿ ದಂಡ ಹಿಡಿದಿದ್ದನಾದ್ದರಿಂದ ಆ ಹೆಸರಿಟ್ಟೆವೆಂದು ಅವಳು ಹೇಳುತ್ತಾಳೆ. ಹಿಂದಿಯಲ್ಲಿ ಯಾರೋ "ಡಂಡರ್" ಎಂದು ಕೂಗಿದ್ದು ನಮ್ಮ ಕಿವಿಗೆ ಹಾಗೆ ಕೇಳಿಸಿರಬಹುದೆಂಬುದು ನನ್ನ ಆಸೆ. ಇದನ್ನು ಸಾಕ್ಷಿಯೆಂದು ಮಂಡಿಸುವ ಧೈರ್ಯ ನನಗಿಲ್ಲ, ಏಕೆಂದರೆ ನಮ್ಮ ಬೀದಿಯ ಕೊನೆಯಲ್ಲಿ ನಿಜವಾಗಿಯೂ ಒಬ್ಬ ದಂಡಪ್ಪ ಇದ್ದರು ಮತ್ತು ಅವರೂ ದಪ್ಪಗೇ ಇದ್ದರು.

ನನ್ನ ಕೋರಿಕೆ ಇಷ್ಟೇ. ಚಿತ್ರದಲ್ಲಿರುವವನು ಡಂಡರನೇ ಎಂದು ಆಕಾರ ನೋಡಿ ಗುರುತಿಸಬಲ್ಲವರು ದಯವಿಟ್ಟು ತಿಳಿಸಿ. ಅಲ್ಲವೆಂದಾದರೆ ಯಾವ ಗುರುತಿನಿಂದ ಅಲ್ಲವೆನ್ನುತ್ತೀರಿ ಎಂಬುದನ್ನೂ ಬರೆಯಿರಿ. ಹಿಂದಿ ಅವತರಣಿಕೆಯಲ್ಲಿ ಅವನನ್ನು ಏನೆಂದು ಕರೆಯುತ್ತಿದ್ದರು ಎಂಬುದು ಯಾರಿಗಾದರೂ ನೆನಪಿದ್ದರೆ ತಂಗಿಯ ಜೊತೆಗಿನ ಜಗಳ ಬಗೆಹರಿಯುತ್ತದೆ. ಟೇಲ್‌ಸ್ಪಿನ್‌ನ 65 ಕಂತುಗಳಲ್ಲಿ ಥೆಂಬ್ರಿಯಾದ ಕತೆಗಳು ಹಲವಿರುವುದರಿಂದ, ಕಿಟ್ ಮತ್ತು ಈ ಅಧಿಕಾರಿ ಹಿಮದಲ್ಲಿ ಬಾಗಿಲ ಮುಂದೆ ಮಾತನಾಡುವ ದೃಶ್ಯ ಯಾವ ಕಂತಿನದೆಂದು ಹೇಳಿದರೆ ನಾನೇ ಹುಡುಕಿ ಹೋಲಿಸಿ ನೋಡುತ್ತೇನೆ. ಚಿತ್ರದ ಬಣ್ಣವನ್ನು ಮಾತ್ರ ನಂಬಬೇಡಿ. ಅದೇ ಟೇಪಿನಲ್ಲಿ ಅಕ್ಕನ ಕೆಂಪು ಧಾರೆ ಸೀರೆ ನೇರಳೆಯಾಗಿ ಕಾಣುತ್ತಿದೆ.

ಟೇಪು ತುಂಡಾದೀತೆಂಬ ಭಯದಿಂದ ಅದನ್ನು ಮತ್ತೆ ಓಡಿಸಿಲ್ಲ. ಬರುವ ವಾರ ಶಿವಮೊಗ್ಗದಲ್ಲಿ ಡಿಜಿಟಲ್ ಪ್ರತಿ ಮಾಡಿಸಿದ ಮೇಲೆ ಆ ಇಪ್ಪತ್ತು ಸೆಕೆಂಡಿನ ಉಳಿದ ಚಿತ್ರಗಳನ್ನೂ, ಅಧಿಕಾರಿಯ ಟೋಪಿ ಪೂರ್ತಿ ಕಾಣುವ ಚೌಕಟ್ಟು ಸಿಕ್ಕರೆ ಅದನ್ನೂ, ಇದೇ ಪ್ರಶ್ನೆಯ ಕೆಳಗೆ ಹಾಕುತ್ತೇನೆ.