ಮದುವೆಗೆ ಮುಂಚೆ ಒಂದ್ಸಲ ಮೇಲುಕೋಟೆ

ನಮ್ಮ ಪುಟ್ಟಿ ಮದುವೆಗೆ ಇನ್ನು 9 ದಿನ. ಅದಕ್ಕೇ ಬೆಳಗಿನ ಜಾವ ಐದೂ ಜನ ಮಂಡ್ಯದಿಂದ ಹೊರಟು ಮೇಲುಕೋಟೆ ಸೇರಿಬಿಟ್ವಿ. 💛

ಪಿಯುಸಿಯಲ್ಲಿ ಒಂದೇ ಬೆಂಚಲ್ಲಿ ಕೂತವರು ನಾವು. ಯೋಗನರಸಿಂಹಸ್ವಾಮಿ ಬೆಟ್ಟ ಹತ್ತುವಾಗ ಇವಳು ಅವತ್ತಿನ ಹಾಗೇ, ಹಿಂದೆ ಉಳಿದವರ ಕೈ ಹಿಡ್ಕೊಂಡೇ ಬಂದಳು. ಅಪ್ಪ ಆಸ್ಪತ್ರೆಯಲ್ಲಿದ್ದಾಗಲೂ ಹೀಗೇ, ದಿನಾ ಸಂಜೆ ಟಿಫನ್ ಡಬ್ಬಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿರೋಳು. ಅದನ್ನ ಮರೆಯೋಕಾಗುತ್ತಾ?

ಕೆಳಗಿಳಿದ ಮೇಲೆ ಬಿಸಿ ಪುಳಿಯೋಗರೆ, ಸಕ್ಕರೆ ಪೊಂಗಲ್. ಮಾತಾಡ್ತಾ ಮಾತಾಡ್ತಾನೇ ತನ್ನ ಎಲೆಯಿಂದ ಕಡಲೆಕಾಯಿ ಬೀಜ ಒಂದೊಂದಾಗಿ ಆರಿಸಿ ನನ್ನ ಎಲೆಗೆ ಹಾಕಿದಳು. ನನಗಿಷ್ಟ ಅಂತ ಇನ್ನೂ ನೆನಪಿದೆ ಅವಳಿಗೆ. ಕಣ್ಣು ತುಂಬಿ ಬಂತು.

ಈ ಫೋಟೋ ಕಲ್ಯಾಣಿ ಮೆಟ್ಟಿಲ ಮೇಲೆ ತೆಗೆದದ್ದು. ಗಾಳಿಗೆ ಎಲ್ಲರ ಕೂದಲೂ ಕೆದರಿದೆ, ಇವಳ ಮಲ್ಲಿಗೆ ಮಾತ್ರ ನೆಟ್ಟಗಿದೆ!

ಭಾವ, ಇವಳಿಗೆ ಬೆಳಿಗ್ಗೆ ಎದ್ದ ತಕ್ಷಣ ಕಾಫಿ ಬೇಕು, ಡಿಕಾಕ್ಷನ್ ಗಟ್ಟಿಯಾಗಿರಲಿ, ಸಕ್ಕರೆ ಕಮ್ಮಿ. ಮನಸ್ಸಿಗೆ ನೋವಾದರೆ ಹೇಳೋಲ್ಲ, ಸುಮ್ಮನಾಗ್ತಾಳೆ. ಆಗ ಪಕ್ಕದಲ್ಲಿ ಕೂತ್ಕೊಳ್ಳಿ, ಸಾಕು.

ಪುಟ್ಟಿ, ಧಾರೆ ಹೊತ್ತಿಗೆ ನಾವು ನಾಲ್ವರೂ ಮುಂದಿನ ಸಾಲಲ್ಲೇ ಇರ್ತೀವಿ ಕಣೆ. ❤️