ನನ್ನ ಬಗ್ಗೆ: ಬೆಲ್ಲದ ಮಂಡಿಯ ಲೆಕ್ಕದಿಂದ ಡೇಟಾ ಕೆಲಸಕ್ಕೆ

ನನ್ನ ಊರು ಮಂಡ್ಯ. ಇಲ್ಲಿನ ಎಪಿಎಂಸಿ ಯಾರ್ಡಿನ ಒಂದು ಬೆಲ್ಲದ ಮಂಡಿಯಲ್ಲಿ 2018ರಿಂದ ಲೆಕ್ಕ ಬರೆಯುತ್ತಿದ್ದೇನೆ. ಈಗ ಮೈಸೂರಿನಲ್ಲಿ ಜೂನಿಯರ್ ಡೇಟಾ ಅನಲಿಸ್ಟ್ ಕೆಲಸ ಹುಡುಕುತ್ತಿದ್ದೇನೆ. ಓದಿದ್ದು ಪಿಯುಸಿ ಕಾಮರ್ಸ್. ಡಿಗ್ರಿ ಇಲ್ಲ. ಡಿಗ್ರಿ ಕಡ್ಡಾಯ ಇರುವ ಹುದ್ದೆಯಾದರೆ ನಿಮ್ಮ ಸಮಯ ಹಾಳಾಗಬಾರದು ಅಲ್ವಾ, ಅದಕ್ಕೇ ಮೊದಲೇ ಹೇಳಿದೆ.

ನನ್ನ ಕಲಿಕೆಯನ್ನು ತೋರಿಸಲು ಮಂಡಿಯ ಕೆಲಸವೇ ಒಳ್ಳೆಯ ಉದಾಹರಣೆ. ಮಾಲೀಕರ ಒಪ್ಪಿಗೆ ಪಡೆದು, ರೈತರ ಹೆಸರು ತೆಗೆದುಹಾಕಿ, ಎರಡು ವರ್ಷದ ಆವಕ ಮತ್ತು ದರದ ಲೆಕ್ಕವನ್ನು ಪುಸ್ತಕದಿಂದ ಎಕ್ಸೆಲ್‌ಗೆ ತಂದೆ. ಜಾಸ್ತಿ ಹೊತ್ತು ಹಿಡಿದದ್ದು ಅದನ್ನು ಸರಿಮಾಡುವುದಕ್ಕೆ. ಒಂದು ಕಡೆ ಕೆ.ಎಂ. ದೊಡ್ಡಿ, ಇನ್ನೊಂದು ಕಡೆ ಭಾರತೀನಗರ ಎಂದಿರುತ್ತಿತ್ತು. ಎರಡೂ ಒಂದೇ ಊರು. ಕೆಲವು ತೂಕ ಕ್ವಿಂಟಾಲ್‌ನಲ್ಲಿ, ಕೆಲವು ಕೆಜಿಯಲ್ಲಿ. ಇದನ್ನೆಲ್ಲ ಪೈಥಾನ್‌ನಲ್ಲಿ ಒಂದು ಹದಕ್ಕೆ ತಂದು, ಅಚ್ಚು, ಬಕೆಟ್, ಕುರಿಕಟ್ಟು ಬೆಲ್ಲದ ದರ ತಿಂಗಳುವಾರು ಹೇಗೆ ಏರಿಳಿಯಿತು ಎಂದು ಚಾರ್ಟ್ ಮಾಡಿದ್ದೇನೆ. ತಾರೀಕುಗಳನ್ನು ಓದಿಸುವ ಭಾಗದಲ್ಲಿ ಗೆಳೆಯನೊಬ್ಬ ನೆರವಾದ. ಉಳಿದದ್ದು ನನ್ನ ಕೆಲಸ. ಇದು ಮುಂದಿನ ದರ ಹೇಳುವ ಮಾಡೆಲ್ ಅಲ್ಲ, ಆಗಿಹೋದದ್ದನ್ನು ತೋರಿಸುತ್ತದೆ ಅಷ್ಟೇ.

ಸರ್ಟಿಫಿಕೇಟ್ ಎರಡಿವೆ. ಎನ್‌ಪಿಟಿಇಎಲ್‌ನ ‘ಪೈಥಾನ್ ಫಾರ್ ಡೇಟಾ ಸೈನ್ಸ್’ ನಾಲ್ಕು ವಾರದ ಕೋರ್ಸ್. ಇದರಲ್ಲಿ ಮನೆಯಲ್ಲಿ ಮಾಡುವ ಅಸೈನ್‌ಮೆಂಟ್‌ಗೆ 25 ಅಂಕ, ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕರ ಎದುರು ಬರೆಯುವ ಪರೀಕ್ಷೆಗೆ 75 ಅಂಕ. ನನಗೆ ಅಸೈನ್‌ಮೆಂಟ್‌ನಲ್ಲಿ 21, ಪರೀಕ್ಷೆಯಲ್ಲಿ 37, ಒಟ್ಟು 58 ಬಂದಿದೆ. ಪರೀಕ್ಷೆಯ ಅಂಕವನ್ನೇ ನೋಡಿ ಅಂತ ಕೇಳಿಕೊಳ್ಳುತ್ತೇನೆ. ಎರಡನೆಯದು ಕೋರ್ಸೆರಾದಲ್ಲಿ ಮುಗಿಸಿದ ಗೂಗಲ್ ಡೇಟಾ ಅನಾಲಿಟಿಕ್ಸ್. ಅದರ ಕ್ವಿಜ್‌ಗಳನ್ನು ಮನೆಯಲ್ಲೇ ಕೂತು ಬರೆಯಬಹುದು, ತಪ್ಪಿದರೆ ಮತ್ತೆ ಬರೆಯಬಹುದು. ಗೂಗಲ್‌ನಲ್ಲಿ ನಾನು ಕೆಲಸವನ್ನಾಗಲಿ ಇಂಟರ್ನ್‌ಶಿಪ್ ಅನ್ನಾಗಲಿ ಮಾಡಿಲ್ಲ.

ಎಸ್‌ಕ್ಯೂಎಲ್ ಕಲಿತದ್ದು ಹಾರ್ವರ್ಡ್‌ನ ಸಿಎಸ್50 ಉಚಿತ ಪಾಠಗಳಿಂದ. ಕೊನೆಯ ಪ್ರಾಜೆಕ್ಟ್ ಸಲ್ಲಿಸಿಲ್ಲ, ಹಾಗಾಗಿ ಸರ್ಟಿಫಿಕೇಟ್ ಇಲ್ಲ. ‘ಹಾರ್ವರ್ಡ್’ ಎಂದು ವಿದ್ಯಾಭ್ಯಾಸದ ಸಾಲಿನಲ್ಲಿ ಬರೆದುಕೊಂಡಿಲ್ಲ. `JOIN`, `GROUP BY` ನೋಡಿಕೊಳ್ಳದೆ ಬರೆಯುತ್ತೇನೆ. ವಿಂಡೋ ಫಂಕ್ಷನ್‌ಗೆ ಇನ್ನೂ ಕೈಪಿಡಿ ತೆರೆಯಬೇಕು. ಮಷೀನ್ ಲರ್ನಿಂಗ್ ಬರುವುದಿಲ್ಲ. ಪವರ್ ಬಿಐ ಈಗ ಕಲಿಯುತ್ತಿದ್ದೇನೆ.

ಲೆಕ್ಕ ತಾಳೆಯಾಗದೆ ಎದ್ದು ಹೋಗುವ ಅಭ್ಯಾಸ ನನಗಿಲ್ಲ. ಅದನ್ನು ಕಲಿಸಿದ್ದು ಮಂಡಿ. ಮಾಲೀಕರು ನನ್ನ ಬಗ್ಗೆ ಮಾತಾಡಲು ಒಪ್ಪಿದ್ದಾರೆ, ಕೇಳಿದರೆ ನಂಬರ್ ಕೊಡುತ್ತೇನೆ. ನಿಮ್ಮದೇ ಡೇಟಾ ಕೊಟ್ಟು, ಎದುರಿಗೆ ಕೂರಿಸಿ ಪರೀಕ್ಷೆ ಮಾಡಿದರೆ ಇನ್ನೂ ಸಂತೋಷ. ಮಂಡ್ಯದಿಂದ ದಿನಾ ರೈಲಿನಲ್ಲಿ ಬಂದು ಹೋಗುತ್ತೇನೆ.