ನಾಯಿ ಕಚ್ಚಿದ ಮಗುವಿನ ಮನೆಯವರಿಗೆ: ಗಾಯ ತೊಳೆಯುವುದು, ಲಸಿಕೆಯ ದಿನಗಳು
(ತಾಲ್ಲೂಕು ಆಸ್ಪತ್ರೆ, ಚುಚ್ಚುಮದ್ದು ಕೊಠಡಿ. 2025ರ ಜೂನ್ 2, ಸೋಮವಾರ)

ನಿಮ್ಮ ಮಗಳ ಬಲಗಾಲಿನ ಮೀನಖಂಡದಲ್ಲಿ ಎರಡು ಹಲ್ಲು ಆಳಕ್ಕೆ ಇಳಿದು ರಕ್ತ ಬಂದಿದೆ. ಇದು ಮೂರನೇ ದರ್ಜೆಯ ಗಾಯ. ಹಾಗಾಗಿ ಲಸಿಕೆಯ ಜೊತೆಗೆ ಸೀರಂ ಕೂಡ ಕೊಟ್ಟಿದ್ದೇವೆ.

ಗಾಯ

ನೀವು ಬಂದಾಗ ಗಾಯದ ಮೇಲೆ ಕಾಫಿಪುಡಿ ಮೆತ್ತಿತ್ತು. ರಕ್ತ ನಿಲ್ಲಲೆಂದು ಹಾಕಿದ್ದಿರಿ, ನಿಮ್ಮ ಗಾಬರಿ ನಮಗೆ ಅರ್ಥವಾಗುತ್ತದೆ. ಆದರೆ ರೇಬೀಸ್ ವೈರಸ್ ಇರುವುದು ನಾಯಿಯ ಜೊಲ್ಲಿನಲ್ಲಿ. ಅದು ಗಾಯದಿಂದ ನರ ಹಿಡಿದು ಮೆದುಳಿಗೆ ಹೋಗುತ್ತದೆ. ಮೊದಲು ಮಾಡಬೇಕಾದದ್ದು ಅದನ್ನು ತೊಳೆದು ಹಾಕುವುದು. ನಲ್ಲಿ ಬಿಟ್ಟು, ಹರಿಯುವ ನೀರಿನ ಕೆಳಗೆ, ಸೋಪು ಹಚ್ಚಿ, ಗಡಿಯಾರ ನೋಡಿಕೊಂಡು 15 ನಿಮಿಷ. ಬಟ್ಟೆ ಸೋಪಾದರೂ ಸರಿ. ನಲ್ಲಿ ಇಲ್ಲದಿದ್ದರೆ ಒಬ್ಬರು ಚೊಂಬಿನಿಂದ ಹೊಯ್ಯುತ್ತಿರಲಿ. ಇವತ್ತು ಇಲ್ಲಿ ನಾವು ತೊಳೆದು ಪೊವಿಡೋನ್ ಅಯೋಡಿನ್ ಹಚ್ಚಿದ್ದೇವೆ. ಮನೆಯಲ್ಲಿ ಅರಿಸಿನ, ಸುಣ್ಣ, ಖಾರದಪುಡಿ, ಸೊಪ್ಪಿನ ರಸ ಯಾವುದೂ ಬೇಡ. ಬಿಗಿಯಾಗಿ ಪಟ್ಟಿಯನ್ನೂ ಕಟ್ಟಬೇಡಿ.

ಇವತ್ತು ಕೊಟ್ಟದ್ದು

ಗಾಯದ ಒಳಗೂ ಸುತ್ತಲೂ ಚುಚ್ಚಿದ್ದು ಸೀರಂ. ಮಗು ತುಂಬಾ ಅತ್ತಳು, ಆದರೂ ಅಲ್ಲೇ ಕೊಡಬೇಕು. ಲಸಿಕೆ ಕೆಲಸ ಶುರುಮಾಡಲು ಕೆಲವು ದಿನ ಬೇಕು, ಅಲ್ಲಿಯವರೆಗೆ ಕಾಯುವುದು ಈ ಸೀರಂ. ತೂಕ 20 ಕೆ.ಜಿ. ಇರುವುದರಿಂದ 800 ಯೂನಿಟ್ ಲೆಕ್ಕ ಹಾಕಿದ್ದೇವೆ. ಇದು ಒಂದೇ ಸಲ. ಧನುರ್ವಾತದ ಇಂಜೆಕ್ಷನ್ ಕೂಡ ಆಗಿದೆ.

ಲಸಿಕೆ

ಎರಡೂ ತೋಳಿನ ಚರ್ಮದೊಳಗೆ ಒಂದೊಂದು, ಒಟ್ಟು ನಾಲ್ಕು ದಿನ. ಮೊದಲ ಲಸಿಕೆಯ ದಿನವನ್ನು ಸೊನ್ನೆ ಎಂದು ಎಣಿಸುತ್ತೇವೆ:

0ನೇ ದಿನ: ಜೂನ್ 2, ಸೋಮವಾರ (ಆಗಿದೆ)
3ನೇ ದಿನ: ಜೂನ್ 5, ಗುರುವಾರ
7ನೇ ದಿನ: ಜೂನ್ 9, ಸೋಮವಾರ
28ನೇ ದಿನ: ಜೂನ್ 30, ಸೋಮವಾರ

ಕೊನೆಯದನ್ನು ದಯವಿಟ್ಟು ಮರೆಯಬೇಡಿ. ಅಷ್ಟರಲ್ಲಿ ಗಾಯ ಮಾಗಿ, ಮಗು ಓಡಾಡಿಕೊಂಡಿರುತ್ತಾಳೆ, ಇನ್ನೇಕೆ ಅನ್ನಿಸುತ್ತದೆ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಜೀವ ಉಳಿಸುವುದು ಬಹುತೇಕ ಅಸಾಧ್ಯ. ಊರಹಬ್ಬವೋ ಮಳೆಯೋ ಬಂದು ಒಂದು ದಿನ ತಪ್ಪಿದರೆ ಮರುದಿನವೇ ಬನ್ನಿ, ಮೊದಲಿನಿಂದ ಶುರುಮಾಡಬೇಕಿಲ್ಲ. ಬೇರೆ ಊರಿಗೆ ಹೋದರೆ ಈ ಚೀಟಿ ಒಯ್ದು ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ.

ಪಥ್ಯವೇನೂ ಇಲ್ಲ. ಮೊಟ್ಟೆ, ಮೊಸರು, ಮಾಂಸ ಎಲ್ಲ ತಿನ್ನಬಹುದು, ಸ್ನಾನ ಮಾಡಿಸಬಹುದು. ತೋಳು ಕೆಂಪಾಗಿ ತುರಿಸಿದರೆ, ಸಣ್ಣ ಜ್ವರ ಬಂದರೆ ಹೆದರಬೇಡಿ. ಮೈಯೆಲ್ಲ ದದ್ದು, ಉಸಿರಾಟದ ತೊಂದರೆ, ಗಾಯದಲ್ಲಿ ಕೀವು ಕಂಡರೆ ತಕ್ಷಣ ಕರೆತನ್ನಿ.

ನಾಯಿ

ಹೊಡೆದು ಕೊಲ್ಲಬೇಡಿ. ಬೀದಿಯಲ್ಲಿ ಕಂಡರೆ ದೂರದಿಂದಲೇ 10 ದಿನ ಗಮನಿಸಿ, ಸತ್ತರೆ ಅಥವಾ ವಿಚಿತ್ರವಾಗಿ ಆಡಿದರೆ ನಮಗೆ ಹೇಳಿ. ಅದು ಚೆನ್ನಾಗಿದೆ ಎಂದು ಲಸಿಕೆ ನಿಲ್ಲಿಸಬೇಡಿ. ಅದೇ ನಾಯಿ ತಮ್ಮನನ್ನು ಪರಚಿದ್ದರೆ, ಅವನ ಗಾಯ ನೆಕ್ಕಿದ್ದರೆ ಅವನನ್ನೂ ಇವತ್ತೇ ಕರೆದುಕೊಂಡು ಬನ್ನಿ.

ರಾತ್ರಿ ಏನಾದರೂ ಕೇಳಬೇಕಾದರೆ ಆರೋಗ್ಯ ಸಹಾಯವಾಣಿ 104.